ಜರ್ಮನಿಯಲ್ಲಿ ರಾಜ್ಯೋತ್ಸವ ಸಂಜೆಯ ಟಿಕೆಟ್: ಹೊಸದಾಗಿ ಬಂದವರು ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಸೆಪ್ಟೆಂಬರ್ ಹುಟ್ಟಿತೆಂದರೆ ನಮ್ಮ ಕನ್ನಡ ಸಂಘದ ಟಿಕೆಟ್ ವಿಭಾಗಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಸದಸ್ಯರಲ್ಲದವರಿಗೆ ಟಿಕೆಟ್ ಸಿಗುತ್ತದೆಯೇ, ಹಣ ಕಳಿಸಿ ಎರಡು ದಿನವಾದರೂ ಉತ್ತರವೇಕೆ ಬಂದಿಲ್ಲ, ಅಪ್ಪ ಅಮ್ಮ ಊರಿನಿಂದ ಬರುವವರಿದ್ದಾರೆ, ಅವರಿಗೂ ಈಗಲೇ ಕೊಳ್ಳಬೇಕೇ ಎಂದು ಕೇಳುವವರಲ್ಲಿ ಹೆಚ್ಚಿನವರು ಬಂದು ಒಂದು ವರ್ಷವೂ ಆಗದ, ಒಂಟಿಯಾಗಿ ಮನೆ ಮಾಡಿಕೊಂಡಿರುವ ಉದ್ಯೋಗಸ್ಥರು. ಫ್ರಾಂಕ್‌ಫರ್ಟ್ ಸುತ್ತಲಿನ ರೈನ್-ಮೈನ್ ಪ್ರದೇಶದಲ್ಲಿ ಕೆಲವು ವರ್ಷ ಟಿಕೆಟ್ ಮೇಜಿನ ಹಿಂದೆ ಕುಳಿತ ಅನುಭವದಿಂದ ಆ ಪ್ರಶ್ನೆಗಳಿಗೆ ಇಲ್ಲಿ ಕ್ರಮವಾಗಿ ಉತ್ತರಿಸುತ್ತಿದ್ದೇನೆ. ಬೆಲೆಗಳೂ ಗಡುವುಗಳೂ ಸಂಘದಿಂದ ಸಂಘಕ್ಕೆ ಬೇರೆಯಾಗಿರುತ್ತವೆ. ಆದ್ದರಿಂದ ಮುಂದೆ ಬರುವ ಬೆಲೆಗಳನ್ನು ಲೆಕ್ಕ ತಿಳಿಸುವ ಉದಾಹರಣೆಯೆಂದು ಮಾತ್ರ ಓದಿಕೊಳ್ಳಿ.

ಶುರುಮಾಡುವ ಮುನ್ನ ನಿಮ್ಮ ಕೈಯಲ್ಲಿ ಇರಬೇಕಾದದ್ದು ಮೂರು: ಯೂರೋ ಖಾತೆಯ ಬ್ಯಾಂಕ್ ಆ್ಯಪ್, ನೀವು ದಿನವೂ ನೋಡುವ ಒಂದು ಇಮೇಲ್ ವಿಳಾಸ, ಮತ್ತು ಸಂಘದ ಪ್ರಕಟಣೆಯ ಮೂಲ ಪ್ರತಿ. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಚಿತ್ರದಲ್ಲಿ ಕೆಳಗಿನ ಸಾಲುಗಳು ಕತ್ತರಿಸಿಹೋಗಿರುವುದು ಸಾಮಾನ್ಯ, ಗಡುವುಗಳನ್ನು ಬರೆದಿರುವುದು ಆ ಸಾಲುಗಳಲ್ಲೇ.

1. ಮೊದಲು ದಿನಾಂಕವನ್ನು ಖಚಿತಪಡಿಸಿಕೊಳ್ಳಿ

ರಾಜ್ಯೋತ್ಸವವೆಂದರೆ ನವೆಂಬರ್ 1 ಎಂದುಕೊಂಡು ಆ ದಿನಕ್ಕೇ ರಜೆ ಹಾಕಿ ರೈಲು ಕಾದಿರಿಸಿದವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಜರ್ಮನಿಯಲ್ಲಿ ಕಾರ್ಯಕ್ರಮ ಆ ದಿನವೇ ನಡೆಯುವುದು ಅಪರೂಪ, ಅದಕ್ಕೆ ಕಾರಣವೂ ಇದೆ. ನವೆಂಬರ್ 1 ಇಲ್ಲಿ ಕ್ರೈಸ್ತರು ಎಲ್ಲ ಸಂತರನ್ನೂ ಸ್ಮರಿಸುವ ದಿನ. ಬವೇರಿಯಾದಂಥ ರಾಜ್ಯಗಳಲ್ಲಿ ಅದು ಸರಕಾರಿ ರಜೆಯಷ್ಟೇ ಅಲ್ಲದೆ ‘ಮೌನದ ದಿನ’ವೂ ಹೌದು, ಎಂದರೆ ಆ ದಿನದ ಗಾಂಭೀರ್ಯಕ್ಕೆ ಒಗ್ಗದ ಸಾರ್ವಜನಿಕ ಮನರಂಜನೆಗೆ ಕಾನೂನಿನ ನಿರ್ಬಂಧವಿರುತ್ತದೆ. ಫ್ರಾಂಕ್‌ಫರ್ಟ್ ಇರುವ ಹೆಸ್ಸೆನ್ ರಾಜ್ಯದಲ್ಲಿ ನವೆಂಬರ್ 1ಕ್ಕೆ ರಜೆಯಿಲ್ಲ. ಆದರೆ ಅಲ್ಲಿಯೂ ನವೆಂಬರ್‌ನಲ್ಲಿ ಬರುವ ಎರಡು ಭಾನುವಾರಗಳು, ಎಂದರೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಫೋಲ್ಕ್ಸ್‌ಟ್ರೌವರ್‌ಟಾಗ್ ಮತ್ತು ಅಗಲಿದವರನ್ನು ನೆನೆಯುವ ಟೋಟೆನ್‌ಸೊನ್‌ಟಾಗ್, ಇಂಥ ನಿರ್ಬಂಧಕ್ಕೆ ಒಳಪಟ್ಟಿವೆ.

2026ರ ಪಂಚಾಂಗವನ್ನೇ ನೋಡಿ. ನವೆಂಬರ್ 1 ಭಾನುವಾರ, 8ರ ಭಾನುವಾರ ದೀಪಾವಳಿ, 15 ಮತ್ತು 22 ಆ ಎರಡು ಮೌನದ ಭಾನುವಾರಗಳು. ಹೀಗಾಗಿ ಕನ್ನಡ ಸಂಘಗಳಿಗೆ ಉಳಿಯುವುದು ಬೆರಳೆಣಿಕೆಯ ಶನಿವಾರಗಳು, ಅವುಗಳಿಗೂ ಊರಿನ ಇತರ ಸಂಸ್ಥೆಗಳ ಪೈಪೋಟಿ. ಸಭಾಂಗಣ ಸಿಗದಿದ್ದರೆ ರಾಜ್ಯೋತ್ಸವ ಅಕ್ಟೋಬರ್‌ನ ಕೊನೆಗೋ ಡಿಸೆಂಬರ್‌ನ ಮೊದಲ ವಾರಕ್ಕೋ ಸರಿಯುತ್ತದೆ. ದಿನಾಂಕವನ್ನು ಊಹಿಸಬೇಡಿ, ಹಿಂದಿನ ವರ್ಷದ ವಾರವನ್ನೂ ನೆಚ್ಚಬೇಡಿ. ಮ್ಯೂನಿಕ್‌ನ ಸ್ನೇಹಿತರು ಹೇಳಿದ ದಿನಾಂಕ ಮ್ಯೂನಿಕ್‌ನ ಸಂಘದ್ದಾಗಿರುತ್ತದೆಯೇ ಹೊರತು ನಿಮ್ಮ ಊರಿನ ಸಂಘದ್ದಲ್ಲ.

2. ಪ್ರಕಟಣೆಯಲ್ಲಿ ಮೂರು ಗಡುವುಗಳನ್ನು ಹುಡುಕಿ

ಟಿಕೆಟ್ ಮಾರಾಟ ಸಾಮಾನ್ಯವಾಗಿ ಹಂತ ಹಂತವಾಗಿ ತೆರೆಯುತ್ತದೆ. ಮೊದಲು ಸದಸ್ಯರಿಗಷ್ಟೇ ಕೆಲವು ದಿನ, ಆಮೇಲೆ ಎಲ್ಲರಿಗೂ ‘ಅರ್ಲಿ ಬರ್ಡ್’ ಎಂಬ ರಿಯಾಯಿತಿ ದರ, ಅನಂತರ ಪೂರ್ಣ ದರ, ಉಳಿದರೆ ಮಾತ್ರ ಆ ಸಂಜೆಯ ಬಾಗಿಲ ಮಾರಾಟ. ಈ ಕೊನೆಯದನ್ನು ಇಲ್ಲಿ ಆಬೆಂಡ್‌ಕಾಸ್ಸೆ ಎನ್ನುತ್ತಾರೆ, ಅಕ್ಷರಶಃ ಸಂಜೆಯ ಗಲ್ಲಾ. ರಿಯಾಯಿತಿ ದರ ಮುಗಿಯುವ ದಿನ, ಊಟದ ಲೆಕ್ಕ ಮುಗಿಯುವ ದಿನ, ಹೆಸರು ಬದಲಾಯಿಸಲು ಕೊನೆಯ ದಿನ, ಈ ಮೂರನ್ನು ನಿಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೂರನೆಯದು ಪ್ರಕಟಣೆಯಲ್ಲಿ ಇಲ್ಲದಿದ್ದರೆ ಬರೆದು ಕೇಳಿ. ಅದು ಎಷ್ಟು ಬೆಲೆಬಾಳುವ ಮಾಹಿತಿ ಎಂಬುದು ಐದನೆಯ ಹಂತದಲ್ಲಿ ಗೊತ್ತಾಗುತ್ತದೆ.

ಊಟದ ಗಡುವು ಟಿಕೆಟ್‌ನ ಗಡುವಿಗಿಂತ ಮೊದಲೇ ಬರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಡುಗೆಯವರಿಗೆ ಸುಮಾರು ಒಂದು ವಾರ ಮುಂಚೆ ಎಲೆಗಳ ಸಂಖ್ಯೆ ಕೊಡಬೇಕು. ಹೋಳಿಗೆಯನ್ನು ಎಣಿಸಿ ತಟ್ಟಿಸುತ್ತಾರೆ, ಹತ್ತು ಮಂದಿ ಹೆಚ್ಚಾದರೆ ಸಾರಿಗೆ ನೀರು ಬೆರೆಸಿ ನಿಭಾಯಿಸಿದಂತೆ ಹೋಳಿಗೆಯನ್ನು ನಿಭಾಯಿಸಲಾಗದು. ಗಡುವು ಮೀರಿ ಕೊಂಡವರಿಗೆ ಸಭಾಂಗಣದಲ್ಲಿ ಕುರ್ಚಿ ಸಿಗಬಹುದು, ಊಟದ ಕೂಪನ್ ಸಿಗುವುದಿಲ್ಲ. ಮನೆಯ ರುಚಿಗಾಗಿಯೇ ಬರುತ್ತಿರುವಿರಾದರೆ ಈ ದಿನಾಂಕವೇ ನಿಮಗೆ ಮುಖ್ಯ.

‘ಇನ್ನೊಂದಿಬ್ಬರನ್ನು ನಿಲ್ಲಿಸಿಕೊಳ್ಳಿ, ನಾವು ಹಿಂದೆ ನಿಂತೇ ನೋಡುತ್ತೇವೆ’ ಎಂದು ಕೇಳುವವರಿಗೂ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಇಲ್ಲಿನ ಸಭಾಂಗಣಗಳಲ್ಲಿ ಕುರ್ಚಿಗಳನ್ನು ಹೇಗೆ ಜೋಡಿಸಬೇಕು, ಎಷ್ಟು ಜನ ಒಳಗಿರಬಹುದು ಎಂಬುದಕ್ಕೆ ಅನುಮೋದಿತ ಆಸನ ನಕ್ಷೆ ಇರುತ್ತದೆ. ಅಗ್ನಿ ಸುರಕ್ಷತೆಯ ಆ ಮಿತಿಯನ್ನು ಮೀರಿದರೆ ಹೊಣೆ ಸಂಘದ ಮೇಲೆ ಬೀಳುತ್ತದೆ. ಅದೇ ಸಭಾಂಗಣದಲ್ಲಿ ಊಟದ ಮೇಜುಗಳನ್ನು ಹಾಕಿದರೆ ಆಸನಗಳ ಸಂಖ್ಯೆ ಇನ್ನೂ ಇಳಿಯುತ್ತದೆ. ಹೀಗಾಗಿ ‘ಟಿಕೆಟ್ ಮುಗಿದಿದೆ’ ಎಂದರೆ ನಿಜವಾಗಿಯೂ ಮುಗಿದಿದೆ ಎಂದೇ ತಿಳಿಯಿರಿ.

ಕಲಾವಿದರ ಹೆಸರನ್ನು ನೋಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಬೆಂಗಳೂರಿನಿಂದ ಬರಬೇಕಾದ ಗಾಯಕರ ವೀಸಾ ಕೊನೆಯ ವಾರದವರೆಗೂ ಕೈಗೆ ಬರದೆ ಇರಬಹುದು. ಟಿಕೆಟ್ ಇಡೀ ಸಂಜೆಗೆ ಸೇರಿದ್ದು, ಒಬ್ಬ ಕಲಾವಿದರಿಗೆ ಸೇರಿದ್ದಲ್ಲ ಎಂದು ಷರತ್ತಿನಲ್ಲಿ ಬರೆದಿದ್ದರೆ ಅದನ್ನು ಓದಿಕೊಂಡೇ ಮುಂದುವರಿಯಿರಿ.

3. ಸದಸ್ಯತ್ವದ ಲೆಕ್ಕವನ್ನು ಕಾಗದದ ಮೇಲೆ ಹಾಕಿ

ಡಾರ್ಮ್‌ಸ್ಟಾಟ್‌ನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿರುವ, ಮೈಸೂರಿನಿಂದ ತಂದೆ ತಾಯಿ ನವೆಂಬರ್‌ಗೆ ಬರಬಹುದೆಂದು ಕಾದಿರುವ ಒಬ್ಬ ಯುವತಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರಕಟಣೆಯ ಪ್ರಕಾರ ಸದಸ್ಯರಿಗೆ ರಿಯಾಯಿತಿ ದರ 20 ಯೂರೋ, ಸದಸ್ಯರಲ್ಲದವರಿಗೆ 28 ಯೂರೋ, ಗಡುವಿನ ನಂತರ ಸದಸ್ಯರಲ್ಲದವರಿಗೆ 34 ಯೂರೋ. ಒಬ್ಬರ ವಾರ್ಷಿಕ ಸದಸ್ಯತ್ವ 30 ಯೂರೋ.

ಸದಸ್ಯೆಯಾಗದೆ ರಿಯಾಯಿತಿ ದರದಲ್ಲಿ ಮೂರು ಟಿಕೆಟ್ ಕೊಂಡರೆ ಅವರಿಗೆ ತಗಲುವುದು 84 ಯೂರೋ. ಸದಸ್ಯೆಯಾದರೆ ತಮ್ಮ ಒಂದು ಟಿಕೆಟ್‌ಗೆ 20, ತಂದೆ ತಾಯಿಯರಿಗೆ ತಲಾ 28, ಸದಸ್ಯತ್ವಕ್ಕೆ 30, ಒಟ್ಟು 106 ಯೂರೋ. ಎಂದರೆ 22 ಯೂರೋ ಹೆಚ್ಚು. ಇಲ್ಲಿ ಎಡವುವುದು ಎರಡು ಕಡೆ. ಸದಸ್ಯರ ದರ ತಮ್ಮೊಂದಿಗೆ ಬರುವ ಎಲ್ಲರಿಗೂ ಅನ್ವಯಿಸುತ್ತದೆಂದು ಜನ ಭಾವಿಸುತ್ತಾರೆ. ಕುಟುಂಬ ಸದಸ್ಯತ್ವದಲ್ಲಿಯೂ ಎಷ್ಟೋ ಕಡೆ ಗಂಡ ಹೆಂಡತಿ ಮತ್ತು ಚಿಕ್ಕ ಮಕ್ಕಳು ಮಾತ್ರ ಸೇರುತ್ತಾರೆ, ಪ್ರವಾಸಕ್ಕೆ ಬಂದ ತಂದೆ ತಾಯಿ ಸೇರುವುದಿಲ್ಲ. ಇನ್ನೊಂದು, ಸದಸ್ಯತ್ವದ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಎಂದಿದ್ದರೆ ಅಕ್ಟೋಬರ್‌ನಲ್ಲಿ ಕೊಟ್ಟ 30 ಯೂರೋ ಮೂರು ತಿಂಗಳಿಗೇ ತೀರಿಹೋಗುತ್ತದೆ.

ಜನವರಿಯಲ್ಲಿಯೇ ಸೇರಿ ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವ ಮೂರಕ್ಕೂ ಹೋದರೂ, ಪ್ರತಿಯೊಂದಕ್ಕೂ 8 ಯೂರೋದಂತೆ ಉಳಿಯುವುದು 24 ಯೂರೋ ಮಾತ್ರ. ಬರೀ ಹಣದ ಲೆಕ್ಕದಲ್ಲಿ ಒಂಟಿಯಾಗಿರುವವರಿಗೆ ಸದಸ್ಯತ್ವ ಲಾಭವಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದರ ನಿಜವಾದ ಪ್ರಯೋಜನ, ಸಣ್ಣ ಸಭಾಂಗಣವಿರುವ ವರ್ಷ ಎಲ್ಲರಿಗಿಂತ ಮೊದಲು ಟಿಕೆಟ್ ಕೊಳ್ಳುವ ಅವಕಾಶ ಮತ್ತು ವಾರ್ಷಿಕ ಸಭೆಯಲ್ಲಿ ಮತ ಹಾಕುವ ಹಕ್ಕು. ಇವು ಬೇಕೆನಿಸಿದರೆ ಸೇರಿ. ಸೇರುವ ಮುನ್ನ ಸದಸ್ಯತ್ವ ಪ್ರತಿ ವರ್ಷ ತಾನಾಗಿಯೇ ನವೀಕರಣಗೊಳ್ಳುತ್ತದೆಯೇ, ನಿಲ್ಲಿಸಬೇಕಾದರೆ ಯಾವ ದಿನದೊಳಗೆ ಬರೆದು ತಿಳಿಸಬೇಕು ಎಂಬುದನ್ನು ಸಂಘದ ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಜರ್ಮನಿಯ ನೋಂದಾಯಿತ ಸಂಘಗಳಲ್ಲಿ ಇದು ರೂಢಿಯ ಪದ್ಧತಿ, ಊರು ಬಿಟ್ಟುಹೋದ ಮೇಲೂ ಶುಲ್ಕ ಕಡಿತವಾಗುತ್ತಿದೆ ಎಂಬ ದೂರಿನ ಮೂಲ ಇದೇ.

ಓದು ಮುಗಿಸಿ ಈಚೆಗೆ ಕೆಲಸಕ್ಕೆ ಸೇರಿದವರು ವಿದ್ಯಾರ್ಥಿ ದರದ ಟಿಕೆಟ್ ಕೊಳ್ಳಬೇಡಿ. ಬಾಗಿಲಲ್ಲಿ ನೋಡುವುದು ಚಾಲ್ತಿಯಲ್ಲಿರುವ ಸೆಮಿಸ್ಟರ್‌ನ ನೋಂದಣಿ ಪತ್ರವನ್ನು, ಹಳೆಯ ಕಾರ್ಡ್‌ನ ಮೇಲಿನ ಚಿತ್ರವನ್ನಲ್ಲ.

4. ಹಣ ಕಳಿಸುವಾಗ ಹೆಸರು, ಉಲ್ಲೇಖ, ವೇಗ ಮೂರನ್ನೂ ಗಮನಿಸಿ

ಹೆಚ್ಚಿನ ತೊಡಕುಗಳು ಹುಟ್ಟುವುದು ಈ ಹಂತದಲ್ಲಿ. ನೋಂದಣಿ ನಮೂನೆಯನ್ನು ತುಂಬಿದ ಕೂಡಲೇ ನಿಮಗೊಂದು ಸಂಖ್ಯೆಯ ಇಮೇಲ್ ಬರುತ್ತದೆ. ಅದು ಟಿಕೆಟ್ ಅಲ್ಲ, ಆಸನವನ್ನು ಕೆಲವು ದಿನಗಳ ಮಟ್ಟಿಗೆ ಹಿಡಿದಿಟ್ಟಿದ್ದೇವೆ ಎಂಬ ಸೂಚನೆ. ಆ ದಿನಗಳೊಳಗೆ ಹಣ ತಲುಪಿದರೆ ಮಾತ್ರ ಕ್ಯೂಆರ್ ಸಂಕೇತವಿರುವ ಟಿಕೆಟ್ ಬರುತ್ತದೆ.

ಬ್ಯಾಂಕ್ ಆ್ಯಪ್‌ನಲ್ಲಿ ಹಣ ಪಡೆಯುವವರ ಹೆಸರನ್ನು ಸಂಘ ಕೊಟ್ಟಂತೆಯೇ, ಕೊನೆಯಲ್ಲಿ ಬರುವ e.V. ಎಂಬುದನ್ನೂ ಬಿಡದೆ ಬರೆಯಿರಿ. ಅದು ನೋಂದಾಯಿತ ಸಂಘ ಎಂಬುದರ ಸಂಕ್ಷೇಪ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಹಣ ಕಳಿಸುವ ಮುನ್ನ ನೀವು ಬರೆದ ಹೆಸರಿಗೂ ಖಾತೆದಾರರ ಹೆಸರಿಗೂ ತಾಳೆ ನೋಡಿ ತಿಳಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಸಂಘದ ಅಡ್ಡಹೆಸರನ್ನೋ ಮೊದಲಕ್ಷರಗಳನ್ನೋ ಬರೆದರೆ ‘ಬಹುಮಟ್ಟಿಗೆ ಹೊಂದುತ್ತದೆ’ ಎಂದೋ ‘ಹೊಂದುವುದಿಲ್ಲ’ ಎಂದೋ ಎಚ್ಚರಿಕೆ ಕಾಣುತ್ತದೆ. ಮೊದಲನೆಯದು ಬಂದರೆ ತೋರಿಸಿದ ಪೂರ್ಣ ಹೆಸರು ಸಂಘದ್ದೇ ಎಂದು ನೋಡಿ ತಿದ್ದಿಕೊಳ್ಳಿ. ‘ಹೊಂದುವುದಿಲ್ಲ’ ಎಂದು ಬಂದರೆ, ಅಥವಾ ಖಾತೆ ಯಾರೋ ವ್ಯಕ್ತಿಯ ಹೆಸರಿನಲ್ಲಿದೆ ಎಂದು ಕಂಡರೆ, ಅಲ್ಲಿಯೇ ನಿಲ್ಲಿಸಿ ಸಂಘವನ್ನು ಕೇಳಿ.

ಆಮೇಲೆ Verwendungszweck ಎಂಬ ಜಾಗ. ಹಣ ಯಾವುದಕ್ಕೆ ಎಂದು ತಿಳಿಸುವ ಉಲ್ಲೇಖ ಅದು. ಇಲ್ಲಿ ಕನ್ನಡ ಲಿಪಿಯನ್ನು ಬಳಸಬೇಡಿ. ಯೂರೋ ವರ್ಗಾವಣೆಯ ವ್ಯವಸ್ಥೆಯಲ್ಲಿ ಲ್ಯಾಟಿನ್ ಅಕ್ಷರಗಳು ಮಾತ್ರ ಖಾತ್ರಿಯಾಗಿ ದಾಟುತ್ತವೆ, ಉಳಿದವು ಬಿದ್ದುಹೋಗಬಹುದು ಅಥವಾ ಬ್ಯಾಂಕೇ ತಡೆಯಬಹುದು. ನಿಮ್ಮ ನೋಂದಣಿ ಸಂಖ್ಯೆ ಮೊದಲು ಬರಲಿ:

```
K-0147 RAJYOTSAVA 3 TICKETS
```

ಈ ಸಾಲಿಲ್ಲದೆ ಬಂದ 84 ಯೂರೋ ಯಾರದೆಂದು ಹುಡುಕುವುದು ನಮಗೆ ಎಷ್ಟು ಕಷ್ಟ ಎಂಬುದನ್ನು ಒಮ್ಮೆ ಯೋಚಿಸಿ. ಸ್ವಯಂಸೇವಕರು ಕಚೇರಿ ಕೆಲಸ ಮುಗಿಸಿ ರಾತ್ರಿ ಬ್ಯಾಂಕ್ ಪಟ್ಟಿಯನ್ನು ತೆರೆದು ಕೂರುತ್ತಾರೆ. ಒಂದೇ ದಿನ 84 ಯೂರೋದ ಆರು ಜಮೆಗಳು ಬಂದಿರುತ್ತವೆ, ಅದರಲ್ಲೊಂದರ ಉಲ್ಲೇಖದಲ್ಲಿ ‘ticket’ ಎಂದಷ್ಟೇ ಇರುತ್ತದೆ, ಕಳಿಸಿದವರ ಹೆಸರು ನೋಂದಾಯಿಸಿದವರ ಹೆಸರಲ್ಲ, ಅವರ ಕೊಠಡಿ ಸ್ನೇಹಿತರದ್ದು. ಉತ್ತರ ತಡವಾಗುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇಷ್ಟೇ. ಸ್ನೇಹಿತರ ಖಾತೆಯಿಂದ ಕಳಿಸಿದರೂ ತೊಂದರೆಯಿಲ್ಲ, ಆ ಸಂಖ್ಯೆಯೊಂದು ಇದ್ದರೆ ಸಾಕು.

ಇನ್ನು ವೇಗ. ಸಾಮಾನ್ಯ ವರ್ಗಾವಣೆ ಮುಂದಿನ ಬ್ಯಾಂಕ್ ಕೆಲಸದ ದಿನ ತಲುಪುತ್ತದೆ. ಶುಕ್ರವಾರ ರಾತ್ರಿ ಕಳಿಸಿದ್ದು ಸೋಮವಾರವೋ ಮಂಗಳವಾರವೋ ಬಂದರೆ ಮೂರು ದಿನಕ್ಕೆ ಹಿಡಿದಿಟ್ಟ ಆಸನ ಅಷ್ಟರಲ್ಲಿ ಬೇರೆಯವರಿಗೆ ಹೋಗಿರಬಹುದು. ಆ್ಯಪ್‌ನಲ್ಲಿ ತಕ್ಷಣದ ವರ್ಗಾವಣೆಯನ್ನು ಆರಿಸಿಕೊಳ್ಳಿ. ಅದು ವಾರದ ಯಾವ ದಿನವಾದರೂ 10 ಸೆಕೆಂಡಿನೊಳಗೆ ತಲುಪುತ್ತದೆ, ಸಾಮಾನ್ಯ ವರ್ಗಾವಣೆಗಿಂತ ಹೆಚ್ಚಿನ ಶುಲ್ಕವನ್ನು ಅದಕ್ಕೆ ವಿಧಿಸುವಂತೆಯೂ ಈಗ ಇಲ್ಲ.

5. ತಂದೆ ತಾಯಿಯರ ಟಿಕೆಟ್: ವೀಸಾ ಮೊದಲೋ ಟಿಕೆಟ್ ಮೊದಲೋ

ಜರ್ಮನಿಯಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನಗಳೊಳಗೆ ಹಿಂದಿರುಗಿಸಬಹುದೆಂದು ನೀವು ಕೇಳಿರುತ್ತೀರಿ. ಆ ಹಕ್ಕು ನಿಗದಿತ ದಿನಾಂಕದ ಮನರಂಜನಾ ಕಾರ್ಯಕ್ರಮದ ಟಿಕೆಟ್‌ಗೆ ಅನ್ವಯಿಸುವುದಿಲ್ಲ ಎಂದು ಇಲ್ಲಿನ ನಾಗರಿಕ ಸಂಹಿತೆಯೇ ಹೇಳುತ್ತದೆ. ಸಂಘವೇ ಕಾರ್ಯಕ್ರಮವನ್ನು ರದ್ದು ಮಾಡಿದರೆ ಹಣ ಕೇಳಬಹುದು. ನಿಮ್ಮ ಕಡೆಯ ಕಾರಣಕ್ಕೆ ಬರಲಾಗದಿದ್ದರೆ ಹಿಂದಿರುಗಿಸುವುದು ಸಂಘದ ಸ್ವಂತ ನಿಯಮಕ್ಕೆ ಬಿಟ್ಟದ್ದು.

ನಮ್ಮ ಡಾರ್ಮ್‌ಸ್ಟಾಟ್‌ನ ಯುವತಿಯ ತಂದೆ ತಾಯಿ ಅಲ್ಪಾವಧಿಯ ಷೆಂಗೆನ್ ವೀಸಾಕ್ಕೆ ಸೆಪ್ಟೆಂಬರ್ 20ರಂದು ಅರ್ಜಿ ಹಾಕಿದ್ದಾರೆ ಎನ್ನೋಣ. ತೀರ್ಮಾನಕ್ಕೆ ನಿಗದಿಯಾದ ಅವಧಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ ಅದು 45 ದಿನಗಳವರೆಗೆ ಹೋಗಬಹುದು. ರಿಯಾಯಿತಿ ದರ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಈಗಲೇ ಕೊಂಡರೆ ಎರಡು ಟಿಕೆಟ್‌ಗೆ 56 ಯೂರೋ, ಕಾದು ಕೊಂಡರೆ 68. ಉಳಿಯುವ 12 ಯೂರೋಗಾಗಿ 56 ಯೂರೋವನ್ನು ಪಣಕ್ಕಿಟ್ಟಂತಾಗುತ್ತದೆ. ಹೆಸರು ಬದಲಾಯಿಸಲು ಅವಕಾಶವಿದ್ದರೆ ಈಗಲೇ ಕೊಳ್ಳಿ. ವೀಸಾ ಬರದಿದ್ದರೆ ಕಾಯುವ ಪಟ್ಟಿಯಲ್ಲಿರುವ ಇಬ್ಬರಿಗೆ ಅವನ್ನು ದಾಟಿಸಬಹುದು. ಅವಕಾಶವಿಲ್ಲದಿದ್ದರೆ ನಿಮ್ಮದೊಂದನ್ನು ಈಗ ಕೊಂಡು, ಅವರದ್ದನ್ನು ವೀಸಾ ಕೈಗೆ ಬಂದ ದಿನ ಕೊಳ್ಳಿ ಎಂಬುದು ನನ್ನ ಸಲಹೆ. ಅಷ್ಟರಲ್ಲಿ ಟಿಕೆಟ್ ಮುಗಿಯುವ ಅಪಾಯ ಇದ್ದೇ ಇದೆ, ಆದರೆ ಹಾಗೆ ಬಿಟ್ಟುಕೊಟ್ಟ ಆಸನಗಳು ಕೊನೆಯ ಎರಡು ವಾರಗಳಲ್ಲಿ ಪ್ರತಿ ವರ್ಷವೂ ಮರಳಿ ಬರುವುದನ್ನು ನಾನು ನೋಡಿದ್ದೇನೆ.

6. ಟಿಕೆಟ್ ಮುಗಿದಿದ್ದರೆ ಕಾಯುವ ಪಟ್ಟಿಗೆ ಸೇರಿ, ಅಪರಿಚಿತರಿಂದ ಕೊಳ್ಳಬೇಡಿ

ಒಂದು ವರ್ಷ ಬಾಗಿಲಲ್ಲಿ ಒಬ್ಬ ಹುಡುಗನ ಫೋನ್‌ಗೆ ಯಂತ್ರವನ್ನು ಹಿಡಿದಾಗ ಕೆಂಪು ದೀಪ ಬಂತು. ಅದೇ ಸಂಕೇತದ ಮೇಲೆ ಹತ್ತು ನಿಮಿಷ ಮೊದಲು ಒಬ್ಬರು ಒಳಗೆ ಹೋಗಿದ್ದರು. ಗುಂಪೊಂದರಲ್ಲಿ ‘ಒಂದು ಟಿಕೆಟ್ ಇದೆ’ ಎಂದವರಿಗೆ ಈ ಹುಡುಗ ಹಣ ಕೊಟ್ಟಿದ್ದ, ಸ್ನೇಹಿತರ ನಡುವಿನ ಪೇಪಾಲ್ ಪಾವತಿಯ ರೂಪದಲ್ಲಿ. ಆ ಬಗೆಯ ಪಾವತಿಗೆ ಖರೀದಿದಾರರ ರಕ್ಷಣೆ ಇರುವುದಿಲ್ಲ. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಎರಡು ರೈಲು ಬದಲಿಸಿ ಬಂದಿದ್ದ ಅವನನ್ನು ಸಭಾಂಗಣ ತುಂಬಿದ್ದರಿಂದ ಹಿಂದಕ್ಕೆ ಕಳಿಸಬೇಕಾಯಿತು.

ಪರಿಚಿತರಿಂದಲೇ ಕೊಳ್ಳುವುದಾದರೂ ವರ್ಗಾವಣೆಯನ್ನು ಟಿಕೆಟ್ ವಿಭಾಗದ ಮೂಲಕ ಮಾಡಿಸಿ. ಹಳೆಯ ಸಂಕೇತವನ್ನು ನಾವು ರದ್ದುಗೊಳಿಸಿ ನಿಮ್ಮ ಹೆಸರಿನಲ್ಲಿ ಹೊಸದನ್ನು ಕಳಿಸುತ್ತೇವೆ. ಹೊಸ ಇಮೇಲ್ ನಿಮ್ಮ ಕೈಸೇರಿದ ಮೇಲೆ ಹಣ ಕೊಡಿ. ನಿಮ್ಮ ಟಿಕೆಟ್‌ನ ಚಿತ್ರವನ್ನು ಸಂಭ್ರಮದಿಂದ ಸ್ಟೇಟಸ್‌ಗೆ ಹಾಕುವಾಗಲೂ ಸಂಕೇತದ ಭಾಗವನ್ನು ಮರೆಮಾಡಿ.

7. ಮರಳುವ ರೈಲನ್ನು ಟಿಕೆಟ್ ಕೊಳ್ಳುವ ಮುನ್ನವೇ ನೋಡಿ

ಬಾಡಿಗೆ ಕೈಗೆಟುಕುವ ಸಭಾಂಗಣಗಳು ನಗರದ ನಡುವೆ ಸಿಗುವುದು ಕಡಿಮೆ. ಸಾಮಾನ್ಯವಾಗಿ ಹೊರವಲಯದ ಪುಟ್ಟ ಊರಿನ ಸಮುದಾಯ ಭವನ, ಇಲ್ಲಿನ ಮಾತಿನಲ್ಲಿ ಬ್ಯುರ್ಗರ್‌ಹೌಸ್, ನಮ್ಮ ಪಾಲಿಗೆ ಬರುತ್ತದೆ. ನಿಲ್ದಾಣದಿಂದ ಅಲ್ಲಿಗೆ ಬಸ್ಸು ಶನಿವಾರ ಸಂಜೆ ಗಂಟೆಗೊಂದೇ ಇರಬಹುದು. ಕಾರ್ಯಕ್ರಮ 10ಕ್ಕೆ ಮುಗಿಯುತ್ತದೆಂದು ಬರೆದಿದ್ದರೆ ಊಟ, ಮಾತುಕತೆ ಸೇರಿ 11:30 ಎಂದು ಹಿಡಿಯಿರಿ. ಆ ಹೊತ್ತಿಗೆ ಭವನದ ವಿಳಾಸದಿಂದ ನಿಮ್ಮ ಮನೆಗೆ ದಾರಿ ಇದೆಯೇ ಎಂದು ಆ್ಯಪ್‌ನಲ್ಲಿ ಹುಡುಕಿ. ಹಳಿ ದುರಸ್ತಿಯಿಂದಾಗಿ ರೈಲಿನ ಬದಲು ಬಸ್ಸು ಓಡುವ ವಾರಾಂತ್ಯಗಳಲ್ಲಿ SEV ಎಂದು ಕಾಣುತ್ತದೆ. ಅದು ಕಂಡರೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ, ಕಾರ್ಯಕ್ರಮದ ವಾರದಲ್ಲಿ ಮತ್ತೊಮ್ಮೆ ನೋಡಿ. ಡಾಯ್ಚ್‌ಲ್ಯಾಂಡ್ ಟಿಕೆಟ್ ಪ್ರಾದೇಶಿಕ ರೈಲು ಬಸ್ಸುಗಳಿಗೆ ಮಾತ್ರ ಸಲ್ಲುತ್ತದೆ, ವೇಗದ ಐಸಿಇಗೆ ಸಲ್ಲದು.

8. ಒಬ್ಬರೇ ಬರುವವರು ನಮೂನೆಯ ಕೊನೆಯ ಪ್ರಶ್ನೆಯನ್ನು ಖಾಲಿ ಬಿಡಬೇಡಿ

‘ಅಲ್ಲಿ ಎಲ್ಲರೂ ಕುಟುಂಬ ಸಮೇತ ಬಂದಿರುತ್ತಾರೆ, ನಾನೊಬ್ಬನೇ ಎಲ್ಲಿ ಕೂರಲಿ’ ಎಂದು ಕೇಳಿ ಟಿಕೆಟ್ ಕೊಳ್ಳದೆ ಉಳಿದವರು ಹಲವರಿದ್ದಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆಸನ ಸಂಖ್ಯೆಯಿಲ್ಲದ ಸಭಾಂಗಣದಲ್ಲಿ ಕುಟುಂಬಗಳು ಬೇಗ ಬಂದು ಸಾಲುಗಳನ್ನು ಹಿಡಿದಿರುತ್ತವೆ, ಒಬ್ಬರೇ ಬಂದವರು ಹಿಂದಿನ ಸಾಲಿನಲ್ಲಿ ಕುಳಿತು ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಇದಕ್ಕೆ ನನಗೆ ತಿಳಿದ ಪರಿಹಾರ ನೋಂದಣಿ ನಮೂನೆಯಲ್ಲಿಯೇ ಇದೆ. ‘ಯಾವ ಕೆಲಸದಲ್ಲಿ ನೆರವಾಗಬಲ್ಲಿರಿ’ ಎಂಬ ಕೊನೆಯ ಪ್ರಶ್ನೆಗೆ ನಾಡಗೀತೆಯ ಗುಂಪು ಎಂದೋ ಬಡಿಸುವ ಕೆಲಸ ಎಂದೋ ಗುರುತು ಹಾಕಿ.

ನಾಡಗೀತೆಯ ಗುಂಪಿಗೆ ಹಾಡುಗಾರಿಕೆ ಬರಬೇಕೆಂದಿಲ್ಲ. ಕಾರ್ಯಕ್ರಮಕ್ಕೆ ಆರೇಳು ವಾರ ಮುಂಚೆ ಯಾರದಾದರೂ ಮನೆಯಲ್ಲಿ ಅಭ್ಯಾಸ ಶುರುವಾಗುತ್ತದೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಹಾಡು, ಆಮೇಲೆ ಚುರುಮುರಿ, ಕಾಫಿ. ಬಡಿಸುವ ತಂಡಕ್ಕೆ ಸೇರಿದರೆ ನಿಮಗೆ ಒಂದು ಸಾಲು, ಒಂದು ಪಾತ್ರೆ ಎಂದು ಹಂಚಿಕೊಡುತ್ತಾರೆ. ಕೋಸಂಬರಿಯ ಪಾತ್ರೆ ಹಿಡಿದು ಆ ಸಾಲಿನಲ್ಲಿ ಎರಡು ಸಲ ಓಡಾಡುವ ಹೊತ್ತಿಗೆ ‘ನಿಮ್ಮದು ಯಾವ ಊರು’ ಎಂದು ಹತ್ತು ಮಂದಿಯಾದರೂ ಕೇಳಿರುತ್ತಾರೆ. ಸ್ವಯಂಸೇವಕರಿಗೂ ಟಿಕೆಟ್ ಬೇಕೇ ಎಂಬುದು ಸಂಘಕ್ಕೊಂದು ಬಗೆ, ಮೊದಲೇ ಕೇಳಿಕೊಳ್ಳಿ. ಬೇಕೆಂದರೆ ಊಟದ ಗಡುವು ನಿಮಗೂ ಅನ್ವಯಿಸುತ್ತದೆ, ಏಕೆಂದರೆ ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ, ಅವರ ಎಲೆಗಳೂ ಆ ಲೆಕ್ಕದಲ್ಲೇ ಸೇರಿರುತ್ತವೆ.